ಮಳೆ ಬರುತ್ತದೆ ಅಂತ ಸ್ಲ್ಯಾಬ್ ಮುಂದೂಡಿದ್ದೇಕೆ? ಮನೆ ಕಟ್ಟಿಸುತ್ತಿರುವವರಿಗೆ ಸೈಟ್ ಸೂಪರ್‌ವೈಸರ್ ಬರೆದ ಮಾರ್ಗದರ್ಶಿ

ಮೇ ಕೊನೆಯ ವಾರ ಬಂತೆಂದರೆ ಮನೆ ಕಟ್ಟಿಸುವವರಿಂದ ಬರುವ ಫೋನಿನಲ್ಲಿ ಒಂದೇ ಪ್ರಶ್ನೆ. "ಬೆಳಿಗ್ಗೆಯಿಂದ ಬಿಸಿಲು ಸುಡ್ತಾ ಇದೆ, ನೀವು ನೋಡಿದ್ರೆ ಮೋಲ್ಡ್ ಹಾಕೋದು ನಿಲ್ಲಿಸಿದ್ದೀರಲ್ಲ, ಯಾಕೆ?" ಸಿಟ್ಟು ಬರೋದು ಸಹಜ. ಮುಹೂರ್ತ ನೋಡಿಸಿರುತ್ತೀರಿ, ನೆಂಟರಿಗೆ ಹೇಳಿರುತ್ತೀರಿ, ಕೆಲಸದವರ ಊಟಕ್ಕೆ ಅಡುಗೆಯವರನ್ನು ಗೊತ್ತು ಮಾಡಿರುತ್ತೀರಿ. ತೀರ್ಥಹಳ್ಳಿ ಕಡೆ ಮನೆ ಕಟ್ಟಿಸುತ್ತಿರುವ ಒಬ್ಬರಿಗೆ ಇತ್ತೀಚೆಗೆ ಇದರ ಕಾರಣವನ್ನೆಲ್ಲ ಬರೆದು ಕಳಿಸಿದ್ದೆ. ಹೊಸನಗರ, ಸಾಗರ, ಕೊಪ್ಪ ಕಡೆಯವರೂ ಇದನ್ನೇ ಕೇಳುವುದರಿಂದ ಅದನ್ನೇ ಹಂತ ಹಂತವಾಗಿ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಉದಾಹರಣೆಗೆ ಅವರ ಮನೆಯನ್ನೇ ಇಟ್ಟುಕೊಳ್ಳೋಣ. ಒಂದು ಸಾವಿರ ಚದರ ಅಡಿಯ ಸಮತಟ್ಟಾದ ಸ್ಲ್ಯಾಬ್, ಐದು ಇಂಚು ದಪ್ಪ, ಜೊತೆಗೆ ಬೀಮುಗಳು. ಕಾಂಕ್ರೀಟನ್ನು ಸೈಟಿನಲ್ಲೇ ಲಿಫ್ಟ್ ಇರುವ ಮಿಕ್ಸರಿನಲ್ಲಿ ಕಲಸುವುದು. ಸೆಂಟ್ರಿಂಗ್ ಮುಗಿದಿತ್ತು, ಕಂಬಿ ಕಟ್ಟಿ ಆಗಿತ್ತು, ಕರೆಂಟಿನ ಪೈಪೂ ಹಾಕಿಯಾಗಿತ್ತು. ಹಿಂದಿನ ದಿನ ಸಂಜೆ ನಾಳೆ ಬೇಡ ಅಂದೆವು.

1. ಮೊದಲು ನಿಮ್ಮ ಸ್ಲ್ಯಾಬಿಗೆ ಎಷ್ಟು ಗಂಟೆ ಬೇಕು ಅಂತ ಲೆಕ್ಕ ಹಾಕಿ

ಮಳೆ ಬರುತ್ತೋ ಇಲ್ಲವೋ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು, ನಮಗೆ ಮಳೆ ಇಲ್ಲದ ಎಷ್ಟು ಹೊತ್ತು ಬೇಕು ಅಂತ. ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಸಾವಿರ ಚದರ ಅಡಿಗೆ ಐದು ಇಂಚು ಅಂದರೆ ಹತ್ತಿರ ಹತ್ತಿರ 12 ಘನ ಮೀಟರ್ ಕಾಂಕ್ರೀಟ್. ಈ ಮನೆಯಲ್ಲಿ ಬೀಮುಗಳಿಗೆ ಇನ್ನೊಂದು ಎರಡು ಘನ ಮೀಟರ್ ಬೇಕಿತ್ತು. ಎಂ20 ಅನ್ನುವ ಮಿಶ್ರಣಕ್ಕೆ, ಅಂದರೆ ಒಂದು ಪಾಲು ಸಿಮೆಂಟಿಗೆ ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಹಾಕುವ ಲೆಕ್ಕಕ್ಕೆ, ಒಂದು ಘನ ಮೀಟರಿಗೆ ಸುಮಾರು 8 ಮೂಟೆ ಸಿಮೆಂಟ್ ಬೇಕು. ಒಟ್ಟು 112 ಮೂಟೆಯ ಆಸುಪಾಸು. ಮಿಕ್ಸರಿಗೆ ಒಂದು ಸಲಕ್ಕೆ ಒಂದು ಮೂಟೆಯ ಮಾಲು ಹಾಕುತ್ತಾರೆ. ಕಲಸಿ, ಮೇಲೆ ಎತ್ತಿ, ಸುರಿದು, ಮತ್ತೆ ತುಂಬುವುದು ಎಲ್ಲ ಸೇರಿ ಗಂಟೆಗೆ 15 ಸಲ ಆದರೆ ಒಳ್ಳೆಯ ತಂಡ ಅಂತಲೇ ಲೆಕ್ಕ. ಅಲ್ಲಿಗೆ ಏಳೂವರೆ ಗಂಟೆ. ತಿಂಡಿ, ಊಟ, ನಡುವೆ ಕೈಕೊಡುವ ಬೆಲ್ಟು ಎಲ್ಲ ಸೇರಿಸಿದರೆ ಎಂಟರ ಮೇಲೆ ಆಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಕೊನೆಯ ಬಾಂಡ್ಲಿ ಸುರಿದ ಮೇಲೆ ಆ ಭಾಗ ಮಳೆ ಹನಿ ತಡೆಯುವಷ್ಟು ಗಟ್ಟಿಯಾಗಲು ಇನ್ನೂ ನಾಲ್ಕರಿಂದ ಆರು ಗಂಟೆ ಬೇಕು. ನಾವು ಜಾಸ್ತಿ ಬಳಸುವ ಪಿಪಿಸಿ ಸಿಮೆಂಟ್, ಅಂದರೆ ಹಾರುಬೂದಿ ಬೆರೆಸಿದ ಸಿಮೆಂಟ್, ತಂಪು ಹವೆಯಲ್ಲಿ ಇನ್ನೂ ನಿಧಾನ. ಹಾಗಾಗಿ ಬೆಳಿಗ್ಗೆ 8ಕ್ಕೆ ಶುರು ಮಾಡಿದರೆ ರಾತ್ರಿ 9ರ ತನಕ ಆಕಾಶ ನಮ್ಮ ಕಡೆ ಇರಬೇಕು. ಬೆಳಗಿನ ಬಿಸಿಲು ಇದರಲ್ಲಿ ನಾಲ್ಕು ಗಂಟೆಯ ಮಾತು ಮಾತ್ರ.

"ಹಾಗಾದ್ರೆ ಬೆಳಗಿನ ಜಾವ ಐದಕ್ಕೇ ಶುರು ಮಾಡಿ" ಅಂತ ಕೆಲವರು ಹೇಳುತ್ತಾರೆ. ಸಿಟೌಟ್, ಪೋರ್ಟಿಕೊ ಥರದ ಸಣ್ಣ ಸ್ಲ್ಯಾಬಿಗೆ ಅದು ಸರಿ. ಇಷ್ಟು ದೊಡ್ಡದಕ್ಕೆ ಮಾಡಿದರೆ ಮುಗಿಯುವುದು ಮಧ್ಯಾಹ್ನ ಒಂದಕ್ಕೆ, ಮಳೆ ಬರುವುದು ಮೂರಕ್ಕೆ. ಆಗ ಅತ್ಯಂತ ಹಸಿಯಾಗಿರುವ ಮೇಲ್ಮೈ ಮೇಲೇ ಹನಿ ಬೀಳುತ್ತದೆ.

2. ಹವಾಮಾನ ಮುನ್ಸೂಚನೆಯನ್ನು ನಿಮ್ಮ ಊರಿಗೆ ಹೊಂದಿಸಿ ಓದಿ

ಟಿವಿಯಲ್ಲಿ "ದಕ್ಷಿಣ ಒಳನಾಡಿನಲ್ಲಿ ಮಳೆ" ಅಂದರೆ ನಮಗೆ ಉಪಯೋಗ ಕಡಿಮೆ. ಹವಾಮಾನ ಇಲಾಖೆಯ ವಿಂಗಡಣೆಯಲ್ಲಿ ಶಿವಮೊಗ್ಗ ಜಿಲ್ಲೆ ದಕ್ಷಿಣ ಒಳನಾಡಿಗೆ ಸೇರುತ್ತದೆ, ಚಿತ್ರದುರ್ಗ, ತುಮಕೂರು ಕೂಡ ಅದರಲ್ಲೇ ಇವೆ. ಜಿಲ್ಲೆಯ ಒಳಗೇ ನೋಡಿ, ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆ ಒಂದು ತುದಿ, ಬಯಲುಸೀಮೆಗೆ ತಾಗಿದ ಶಿಕಾರಿಪುರ ಇನ್ನೊಂದು ತುದಿ. ಆದ್ದರಿಂದ ಜಿಲ್ಲಾವಾರು ಸೂಚನೆ ನೋಡಿ, ಆಮೇಲೆ ನಿಮ್ಮ ಜಾಗ ಘಟ್ಟದ ಕಡೆಗಿದೆಯೋ ಬಯಲ ಕಡೆಗಿದೆಯೋ ಅಂತ ನೋಡಿ.

ಬಣ್ಣಗಳ ಅರ್ಥ ಸರಳ. ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ತಯಾರಾಗಿರಿ, ಕೆಂಪು ಅಂದರೆ ಕೂಡಲೇ ಕ್ರಮ ತೆಗೆದುಕೊಳ್ಳಿ. ಮುನ್ಸೂಚನೆಯಲ್ಲಿ "ಭಾರಿ ಮಳೆ" ಅಂತ ಬರೆದಿದ್ದರೆ 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಅಂತ ಲೆಕ್ಕ. ಆದರೆ ಸ್ಲ್ಯಾಬಿನ ವಿಷಯಕ್ಕೆ ಬಣ್ಣಕ್ಕಿಂತ ಮುಖ್ಯವಾದದ್ದು ಎರಡು. ಒಂದು, ಮಳೆ ಎಲ್ಲೆಲ್ಲಿ. "ಅಲ್ಲಲ್ಲಿ" ಅಂದರೆ ಆ ಪ್ರದೇಶದ ಸ್ವಲ್ಪ ಕಡೆ ಮಾತ್ರ, "ವ್ಯಾಪಕ" ಅಂದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕಡೆ. ಇನ್ನೊಂದು, ಯಾವ ಹೊತ್ತಿಗೆ. ಮುಂಗಾರು ಶುರುವಾಗುವ ಮುಂಚೆ ನಮ್ಮಲ್ಲಿ ಬರುವುದು ಗುಡುಗಿನ ಮಳೆ. ಬೆಳಿಗ್ಗೆ ಬಿಸಿಲು ಚುರುಕಾದಷ್ಟೂ ಮಧ್ಯಾಹ್ನ ಮೋಡ ಕಟ್ಟುವುದು ಜೋರಾಗುತ್ತದೆ. ಬೆಳಗಿನ ಬಿಸಿಲನ್ನೇ ನಂಬಿ ಕೂತರೆ ಮೋಸ ಹೋಗುವುದು ಇಲ್ಲೇ. ಜೂನ್‌ನಲ್ಲಿ ಮುಂಗಾರು ಹಿಡಿದ ಮೇಲೆ ಬರುವ ಜಿಟಿಜಿಟಿ ಮಳೆಯ ಸ್ವಭಾವ ಬೇರೆ, ಅದರಲ್ಲಿ ಮೇಲೆ ಹೊದಿಕೆ ಕಟ್ಟಿಕೊಂಡು ಕೆಲಸ ಸಾಗಿಸಬಹುದಾದ ದಿನಗಳೂ ಸಿಗುತ್ತವೆ.

ಹಿಂದಿನ ದಿನ ಸಂಜೆ ಇಲಾಖೆಯ ಮೌಸಮ್ ಆ್ಯಪ್ ನೋಡಿ. ಅವತ್ತು ಬೆಳಿಗ್ಗೆ ಮುಂದಿನ ಮೂರು ಗಂಟೆಯ ಸೂಚನೆ ನೋಡಿ. ಸಿಡಿಲಿಗೆ ದಾಮಿನಿ ಆ್ಯಪ್ ಇದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಊರಿನ ಹೆಸರು ಹೇಳಿಯೂ ಕೇಳಬಹುದು.

ತೀರ್ಥಹಳ್ಳಿಯ ಮನೆಗೆ ಬಂದ ಸೂಚನೆ: ಕಿತ್ತಳೆ, ವ್ಯಾಪಕ, ಮಧ್ಯಾಹ್ನದ ಮೇಲೆ ಗುಡುಗು ಸಹಿತ. ಅಂದರೆ ಅರ್ಧ ಸ್ಲ್ಯಾಬ್ ಹಾಕಿ ಮುಗಿದ ಹೊತ್ತಿಗೇ ಮಳೆ.

3. ಹಸಿ ಕಾಂಕ್ರೀಟಿಗೆ ಮಳೆ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ

"ಹೇಗೂ ನೀರು ಕಟ್ಟಿ ಕ್ಯೂರಿಂಗ್ ಮಾಡ್ತೀರಲ್ವಾ, ಮಳೆ ಬಂದ್ರೆ ಒಳ್ಳೇದೇ ಅಲ್ವಾ?" ಈ ಮಾತಿನಲ್ಲಿ ಅರ್ಧ ನಿಜ ಇದೆ. ಗಟ್ಟಿಯಾದ ಮೇಲೆ ಬರುವ ಮಳೆ ನಿಜಕ್ಕೂ ಒಳ್ಳೆಯದು. ಗಟ್ಟಿಯಾಗುವ ಮುಂಚೆ ಬರುವ ಮಳೆ ಹಾಳು ಮಾಡುತ್ತದೆ.

ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಈ ಸ್ಲ್ಯಾಬ್ 93 ಚದರ ಮೀಟರ್. ಒಂದು ಗಂಟೆಯಲ್ಲಿ 20 ಮಿಲಿಮೀಟರ್ ಸುರಿಯುವ ಗುಡುಗು ಮಳೆ ಮಲೆನಾಡಿನಲ್ಲಿ ದೊಡ್ಡ ವಿಷಯವೇ ಅಲ್ಲ. ಅಷ್ಟು ಬಂದರೆ ಅರ್ಧ ಸ್ಲ್ಯಾಬಿನ ಮೇಲೇ 900 ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. ನಾವು ಒಂದು ಮೂಟೆ ಸಿಮೆಂಟಿಗೆ ಎಂ20 ಲೆಕ್ಕದಲ್ಲಿ ಹಾಕಬಹುದಾದ ನೀರೇ ಹೆಚ್ಚೆಂದರೆ 30 ಲೀಟರ್, ಅದನ್ನೂ ಅಳೆದು ಹಾಕುತ್ತೇವೆ. ಮೇಲಿಂದ ಬಿದ್ದದ್ದೆಲ್ಲ ಒಳಗೆ ಸೇರುವುದಿಲ್ಲ, ನಿಜ. ಆದರೆ ಹನಿಯ ಹೊಡೆತಕ್ಕೆ ಮೇಲಿನ ಸಿಮೆಂಟಿನ ಹಾಲು ಕೊಚ್ಚಿ ಹೋಗಿ ಮರಳು, ಜಲ್ಲಿ ಎದ್ದು ಕಾಣುತ್ತವೆ. ನಿಂತ ನೀರನ್ನು ಮಟ್ಟದ ಹಲಗೆಯಲ್ಲಿ ತಿಕ್ಕಿದರೆ ಅದು ಮೇಲಿನ ಪದರಕ್ಕೇ ಬೆರೆಯುತ್ತದೆ. ಒಣಗಿದ ಮೇಲೆ ಅಂಥ ಪದರ ಕೈಗೆ ಪುಡಿಪುಡಿಯಾಗಿ ಹತ್ತುತ್ತದೆ, ಸಣ್ಣ ಬಿರುಕು ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನೆನೆಯುವ ನಮ್ಮ ತಾರಸಿಗೆ ನೀರು ಒಳಗಿಳಿಯುವ ದಾರಿ ಅಲ್ಲಿಂದಲೇ ಶುರು, ಆಮೇಲೆ ಕಂಬಿಗೆ ತುಕ್ಕು. ಹೆಂಚು ಕೂರಿಸಲು ಇಳಿಜಾರಾಗಿ ಹಾಕುವ ಸ್ಲ್ಯಾಬಾದರೆ ಇನ್ನೂ ಕಷ್ಟ, ಸಿಮೆಂಟಿನ ಹಾಲು ಪೂರ್ತಿ ಸೂರಿನ ಕಡೆಗೆ ಹರಿದು ಮೇಲ್ಭಾಗ ಬರೀ ಜಲ್ಲಿಯಾಗಿ ಉಳಿಯುತ್ತದೆ.

ಇನ್ನೊಂದು ವಿಷಯ ಕೆಲಸದವರ ಜೀವದ್ದು. ಗುಡುಗು ಬಂದಾಗ ಮೇಲೆ ಕಂಬಿ ಜಾಲದ ಮೇಲೆ ನಿಂತವರು, ಪಕ್ಕದಲ್ಲಿ ಎತ್ತರದ ಕಬ್ಬಿಣದ ಲಿಫ್ಟು, ನೀರಿನಲ್ಲಿ ಬಿದ್ದಿರುವ ವೈಬ್ರೇಟರಿನ ವೈರು. ಇದೊಂದೇ ಕಾರಣಕ್ಕೂ ನಾನು ಕೆಲಸ ನಿಲ್ಲಿಸುತ್ತೇನೆ.

4. ಬೇಡ ಅನ್ನುವುದಾದರೆ ಹಿಂದಿನ ಸಂಜೆಯೇ ಅನ್ನಿ

ಬೆಳಿಗ್ಗೆ ಏಳಕ್ಕೆ ಆಕಾಶ ನೋಡಿ ತೀರ್ಮಾನ ಮಾಡಿದರೆ ಖರ್ಚು ಜಾಸ್ತಿ. ಅಷ್ಟು ಹೊತ್ತಿಗೆ ಕಾಂಕ್ರೀಟ್ ತಂಡ ಗಾಡಿ ಹತ್ತಿರುತ್ತದೆ, ಅಡುಗೆ ಒಲೆ ಹೊತ್ತಿರುತ್ತದೆ. ಮೊದಲು ಮೇಸ್ತ್ರಿಗೆ ಹೇಳಿ, ಆಮೇಲೆ ಮಿಕ್ಸರಿನವರಿಗೆ, ಅಡುಗೆಯವರಿಗೆ. ರೆಡಿಮಿಕ್ಸ್ ತರಿಸುವವರು ಪ್ಲಾಂಟಿಗೆ ತಪ್ಪದೆ ಸಂಜೆಯೇ ಹೇಳಬೇಕು. ರೆಡಿಮಿಕ್ಸನ್ನು ಸಾಮಾನ್ಯವಾಗಿ ತುಂಬಿದ ಎರಡು ಗಂಟೆಯೊಳಗೆ ಸುರಿದು ಮುಗಿಸಬೇಕು. ಶಿವಮೊಗ್ಗದಿಂದ ತೀರ್ಥಹಳ್ಳಿ ತಲುಪುವುದರಲ್ಲೇ ಅದರ ಹೆಚ್ಚಿನ ಪಾಲು ಕಳೆದಿರುತ್ತದೆ. ಹೊರಟ ಲಾರಿಯನ್ನು ಮಳೆ ನಿಲ್ಲಲಿ ಅಂತ ಕಾಯಿಸಲು ಆಗುವುದಿಲ್ಲ.

ಮಳೆಗೆ ಕೆಲಸ ನಿಂತರೆ ಯಾರಿಗೆ ಎಷ್ಟು ಕೊಡಬೇಕು ಅನ್ನುವುದು ಒಂದೊಂದು ತಂಡದ್ದು ಒಂದೊಂದು ಥರ. ಅಡ್ವಾನ್ಸ್ ಕೊಡುವಾಗಲೇ ಮಾತಾಡಿಕೊಳ್ಳಿ, ಆ ದಿನ ಜಗಳ ಬೇಡ.

ಮುಹೂರ್ತದ ಬಗ್ಗೆ ಎಲ್ಲರೂ ಕೇಳುತ್ತಾರೆ. ಪೂಜೆಯನ್ನು ಅದೇ ಹೊತ್ತಿಗೆ ಮಾಡಿ, ಯಾರೂ ಬೇಡ ಅನ್ನುವುದಿಲ್ಲ. ಆದರೆ ಶಾಸ್ತ್ರಕ್ಕೆ ಅಂತ ಒಂದು ಬಾಂಡ್ಲಿ ಕಾಂಕ್ರೀಟನ್ನು ಬೀಮಿನ ಮೂಲೆಗೆ ಸುರಿಯಬೇಡಿ. ಅದು ಅಲ್ಲೇ ಗಟ್ಟಿಯಾಗಿ, ಎರಡು ಮೂರು ದಿನ ಬಿಟ್ಟು ಹಾಕುವ ಹೊಸ ಕಾಂಕ್ರೀಟಿನ ಜೊತೆ ಬೆಸೆಯುವುದಿಲ್ಲ. ಬೀಮ್ ಬಂದು ಕಂಬಕ್ಕೆ ಸೇರುವ ಜಾಗದಲ್ಲೇ ಅಂಥ ಗಂಟು ಉಳಿದರೆ ಕಂಬಿಗಳ ನಡುವಿನಿಂದ ಕೆತ್ತಿ ತೆಗೆಯುವುದು ಬಹಳ ಕಷ್ಟ. ಆ ಬಾಂಡ್ಲಿಯನ್ನು ಮೆಟ್ಟಿಲಿನ ಬುಡಕ್ಕೋ ಅಂಗಳದ ಕಟ್ಟೆಗೋ ಹಾಕಿ.

5. ಕಾಯುವ ದಿನಗಳಲ್ಲಿ ಆಗಿರುವ ಕೆಲಸವನ್ನು ಕಾಪಾಡಿ

ಕಂಬಿ ನೆನೆದರೆ ತುಕ್ಕು ಹಿಡಿಯುತ್ತದಲ್ಲ ಅಂತ ತುಂಬಾ ಜನ ಹೆದರುತ್ತಾರೆ. ಎರಡು ಮೂರು ದಿನದ ಮಳೆಗೆ ಬರುವ ತೆಳು ಕೆಂಪು ಬಣ್ಣದಿಂದ ತೊಂದರೆ ಇಲ್ಲ. ಉಗುರಿನಲ್ಲಿ ಕೆರೆದರೆ ಚಕ್ಕೆ ಏಳುವಂಥ ತುಕ್ಕಾದರೆ ಮಾತ್ರ ತಂತಿ ಬ್ರಷ್ಷಿನಲ್ಲಿ ಉಜ್ಜಿಸಬೇಕು.

ಹೆದರಬೇಕಾದ್ದು ಕೆಳಗಡೆ. ಸೆಂಟ್ರಿಂಗ್ ಹೊತ್ತು ನಿಂತಿರುವ ಜಾಕುಗಳು ಅಥವಾ ಮರದ ಗಳುಗಳು ಬಹಳ ಸೈಟುಗಳಲ್ಲಿ ಹೊಸದಾಗಿ ತುಂಬಿದ ಕೆಮ್ಮಣ್ಣಿನ ಮೇಲೆ ನಿಂತಿರುತ್ತವೆ. ಒಂದು ರಾತ್ರಿ ಮಳೆ ನೀರು ಒಳಗೆ ನುಗ್ಗಿದರೆ ಆ ಮಣ್ಣು ಮೆತ್ತಗಾಗುತ್ತದೆ. ಒಂದು ಜಾಕ್ ಅರ್ಧ ಇಂಚು ಕುಸಿದರೂ ಅಲ್ಲಿ ಸ್ಲ್ಯಾಬ್ ಕೆಳಗೆ ಹೊಟ್ಟೆ ಬಿಡುತ್ತದೆ, ಜಾಸ್ತಿ ಕುಸಿದರೆ ಕಾಂಕ್ರೀಟ್ ಹಾಕುವಾಗಲೇ ಸೆಂಟ್ರಿಂಗ್ ಬೀಳಬಹುದು. ಆದ್ದರಿಂದ ಪ್ರತಿ ಜಾಕಿನ ಕೆಳಗೆ ಅಗಲವಾದ ಹಲಗೆ ಇದೆಯಾ ನೋಡಿ. ಮನೆಯ ಸುತ್ತ ಒಂದು ಸಣ್ಣ ಕಾಲುವೆ ತೆಗೆಸಿ, ಗುಡ್ಡದ ಕಡೆಯಿಂದ ಇಳಿಯುವ ನೀರು ಒಳಗೆ ಬಾರದ ಹಾಗೆ ತಿರುಗಿಸಿ.

ಸಿಮೆಂಟ್ ಆಗಲೇ ಬಂದಿಳಿದಿದ್ದರೆ ನೆಲಕ್ಕೆ ತಾಗದಂತೆ ಹಲಗೆ ಮೇಲೆ ಜೋಡಿಸಿ, ಗೋಡೆಯಿಂದ ಒಂದು ಅಡಿ ದೂರ ಬಿಟ್ಟು, ಮೇಲೆ ಟಾರ್ಪಾಲ್ ಮುಚ್ಚಿ. ಫ್ಯಾನ್ ಬಾಕ್ಸ್ ಮತ್ತು ಕರೆಂಟ್ ಪೈಪಿನ ಬಾಯಿಗಳನ್ನು ಟೇಪಿನಿಂದ ಮುಚ್ಚಿಸಿ. ಮರಳಿನ ರಾಶಿಯನ್ನೂ ಮುಚ್ಚಿ, ಅದು ಯಾಕೆ ಅಂತ ಮುಂದೆ ಹೇಳುತ್ತೇನೆ.

6. ಮಳೆ ಬಿಟ್ಟ ಮೇಲೆ, ಹಾಕುವ ಮುಂಚೆ ಇಷ್ಟು ನೋಡಿ

ಮಳೆ ನಿಂತಿತು ಅಂತ ಮರುದಿನ ಬೆಳಿಗ್ಗೆಯೇ ಮಿಕ್ಸರ್ ಶುರು ಮಾಡಿಸಬೇಡಿ. ಅರ್ಧ ದಿನ ಪರೀಕ್ಷೆಗೆ ಇಡಿ.

ಮೊದಲು ಕೆಳಗೆ ಹೋಗಿ ಪ್ರತಿ ಜಾಕನ್ನೂ ಕೈಯಲ್ಲಿ ಅಲುಗಾಡಿಸಿ. ಬಿಗಿಯಾಗಿರುವುದು ಅಲುಗುವುದಿಲ್ಲ. ಅಲುಗಿದರೆ ಕೆಳಗಿನ ಮಣ್ಣು ಕೂತಿದೆ ಅಂತ ಅರ್ಥ, ಹಲಗೆ ಸರಿ ಮಾಡಿ ಮತ್ತೆ ಬಿಗಿ ಮಾಡಿಸಬೇಕು. ಆಮೇಲೆ ಸೆಂಟ್ರಿಂಗ್ ತಳಕ್ಕೆ ಈ ತುದಿಯಿಂದ ಆ ತುದಿಗೆ ದಾರ ಹಿಡಿಸಿ ಮಟ್ಟ ನೋಡಿ.

ಮೇಲೆ ಬಂದರೆ ಬೀಮಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಸ್ಲ್ಯಾಬಿನ ಮೇಲೆ ಬಿದ್ದ ನೀರೆಲ್ಲ ಬೀಮಿನ ತೊಟ್ಟಿಗೇ ಇಳಿದಿರುತ್ತದೆ. ತಳದಲ್ಲಿ ಎರಡು ಮೂರು ಇಂಚು ಕೆಂಪು ನೀರು, ಅದರಲ್ಲಿ ಎಲೆ, ಮರದ ಹೊಟ್ಟು, ಕಂಬಿ ಕಟ್ಟಿದ ತಂತಿಯ ತುಂಡು, ಕೆಸರು ಎಲ್ಲ ಸಿಗುತ್ತದೆ. ಅದರ ಮೇಲೆಯೇ ಕಾಂಕ್ರೀಟ್ ಸುರಿದರೆ ಬೀಮಿನ ತಳದ ಕಂಬಿಯ ಸುತ್ತ ಸಿಮೆಂಟ್ ಇರಬೇಕಾದ ಕಡೆ ಮಣ್ಣು ಕೂರುತ್ತದೆ. ಬೀಮಿನ ಪಕ್ಕದ ಹಲಗೆಯಲ್ಲಿ ತಗ್ಗಿನ ತುದಿಯಲ್ಲಿ ಒಂದು ಸಣ್ಣ ಕಿಂಡಿ ಬಿಡಿಸಿ, ಎಲ್ಲ ತೊಳೆದು ಹೊರಗೆ ಬಿಡಿಸಿ, ಆಮೇಲೆ ಕಿಂಡಿ ಮುಚ್ಚಿಸಿ. ಕವರ್ ಬ್ಲಾಕುಗಳು, ಅಂದರೆ ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಸಣ್ಣ ಸಿಮೆಂಟ್ ಬಿಲ್ಲೆಗಳು, ಜಾರಿದ್ದರೆ ಮತ್ತೆ ಕೂರಿಸಿ. ಸೆಂಟ್ರಿಂಗಿಗೆ ಬಳಿದ ಎಣ್ಣೆ ತೊಳೆದು ಹೋಗಿದೆ ಅಂತ ಕಂಬಿಯ ಮೇಲಿಂದ ಮತ್ತೆ ಎಣ್ಣೆ ಚಿಮುಕಿಸಲು ಬಿಡಬೇಡಿ. ಎಣ್ಣೆ ತಾಗಿದ ಕಂಬಿಯನ್ನು ಕಾಂಕ್ರೀಟ್ ಹಿಡಿಯುವುದಿಲ್ಲ.

ಈಗ ಮರಳು. ಮಳೆಯಲ್ಲಿ ನೆನೆದ ಮರಳು ತನ್ನ ತೂಕದ ಶೇಕಡಾ 5ರಿಂದ 7ರಷ್ಟು ನೀರನ್ನು ಹೊತ್ತುಕೊಂಡಿರುತ್ತದೆ. ಒಂದು ಮೂಟೆಗೆ ಸುಮಾರು 80 ಕಿಲೋ ಮರಳು ಹಾಕುವುದರಿಂದ ಅದರಲ್ಲೇ ನಾಲ್ಕರಿಂದ ಆರು ಲೀಟರ್ ನೀರು ಬಂತು. ಮಿಕ್ಸರಿನವರು ಮಾಮೂಲಿ ಬಕೆಟ್ ಲೆಕ್ಕದಲ್ಲೇ ಹಾಕಿದರೆ ಮಾಲು ತೆಳುವಾಗಿ, ಮಳೆ ಬಾರದೆಯೇ ಕಾಂಕ್ರೀಟ್ ದುರ್ಬಲವಾಗುತ್ತದೆ. ಒಂದು ಹಿಡಿ ಮರಳು ಗಟ್ಟಿಯಾಗಿ ಹಿಂಡಿ ನೋಡಿ. ಉಂಡೆ ಹಾಗೇ ನಿಂತು ಅಂಗೈ ಒದ್ದೆಯಾದರೆ ಬಕೆಟ್ಟಿನ ಗುರುತನ್ನು ಅಷ್ಟು ಕೆಳಗೆ ಹಾಕಿಸಿ.

ತೀರ್ಥಹಳ್ಳಿಯ ಮನೆಯಲ್ಲಿ ಹೀಗೆ ನೋಡಿದಾಗ ಹಾಲ್‌ನ ಮಧ್ಯದ ಜಾಕುಗಳು ಸಡಿಲವಾಗಿದ್ದವು. ಹಲಗೆ ಬದಲಾಯಿಸಿ ಬಿಗಿ ಮಾಡಿದೆವು, ಬೀಮ್ ತೊಳೆದೆವು. ಸೂಚನೆ ಹಸಿರಿಗೆ ಬಂದ ದಿನ ಬೆಳಿಗ್ಗೆ ಏಳಕ್ಕೇ ಶುರು ಮಾಡಿದೆವು.

7. ಎಲ್ಲ ನೋಡಿಯೂ ನಡುವೆ ಮಳೆ ಬಂದರೆ

ಮಲೆನಾಡಿನಲ್ಲಿ ಇದಕ್ಕೆ ತಯಾರಿ ಇಲ್ಲದೆ ಸ್ಲ್ಯಾಬ್ ಶುರು ಮಾಡಬಾರದು. ಇಡೀ ಸ್ಲ್ಯಾಬ್ ಮುಚ್ಚುವಷ್ಟು ಪ್ಲಾಸ್ಟಿಕ್ ಶೀಟ್ ಮತ್ತು ಅಂಚಿಗೆ ಇಡಲು ಇಟ್ಟಿಗೆಗಳು ಬೆಳಿಗ್ಗೆಯೇ ಮೇಲೆ ಇರಲಿ.

ತುಂತುರು ಬಂದರೆ ಹಾಕಿದ ಭಾಗವನ್ನು ಮುಚ್ಚಿಕೊಂಡು ಮುಂದುವರಿಯಬಹುದು. ಜೋರಾದರೆ ನಿಲ್ಲಿಸಿ, ಆದರೆ ಎಲ್ಲೆಂದರಲ್ಲಿ ಅಲ್ಲ. ಎರಡು ಬೀಮುಗಳ ನಡುವಿನ ಜಾಗವನ್ನು ಮೂರು ಪಾಲು ಮಾಡಿದರೆ ನಡುವಿನ ಪಾಲಿನಲ್ಲಿ, ಹಲಗೆ ಅಡ್ಡ ಇಟ್ಟು ನೇರವಾಗಿ ನಿಲ್ಲಿಸಬೇಕು. ಇಳಿಜಾರಾಗಿ ಹರಡಿ ಬಿಟ್ಟರೆ ತೆಳುವಾದ ಅಂಚು ಆಮೇಲೆ ಬಿರುಕು ಬಿಡುತ್ತದೆ. ಎಲ್ಲಿ ನಿಲ್ಲಿಸುವುದು ಅಂತ ಎಂಜಿನಿಯರ್ ಹತ್ತಿರ ಮೊದಲೇ ಕೇಳಿ ಗುರುತು ಹಾಕಿಸಿಡಿ. ಮತ್ತೆ ಶುರು ಮಾಡುವಾಗ ಆ ಅಂಚನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ತೊಳೆದು, ಸಿಮೆಂಟ್ ಹಾಲು ಬಳಿದು, ಆಮೇಲೆ ಹೊಸ ಕಾಂಕ್ರೀಟ್ ಹಾಕಬೇಕು.

ನಾನು ಕಟ್ಟುನಿಟ್ಟಾಗಿ ತಡೆಯುವ ಒಂದು ಕೆಲಸ ಇದೆ. ಮಳೆ ನಿಂತ ಕೂಡಲೇ ಯಾರೋ ಒಬ್ಬರು ಒಣ ಸಿಮೆಂಟ್ ತಂದು ನೀರಿನ ಮೇಲೆ ಉದುರಿಸಿ ನಯವಾಗಿ ತಿಕ್ಕಿಬಿಡುತ್ತಾರೆ. ನೋಡಲು ಚೆನ್ನಾಗಿ ಕಾಣುತ್ತದೆ. ಆದರೆ ಆ ಪದರ ಕೆಳಗಿನ ಕಾಂಕ್ರೀಟಿಗೆ ಬೆಸೆಯುವುದಿಲ್ಲ, ಬರಬರುತ್ತಾ ಹಪ್ಪಳದ ಹಾಗೆ ಏಳುತ್ತದೆ. ಹಾಗೆ ಮಾಡಬೇಡಿ. ನಿಂತ ನೀರನ್ನು ಸ್ಪಂಜಿನಿಂದ ಮೆಲ್ಲಗೆ ತೆಗೆಸಿ, ಮೇಲಿನ ಪದರ ಕೊಚ್ಚಿ ಹೋಗಿದ್ದರೆ ಅಷ್ಟನ್ನು ತೆಗೆದು ಅದೇ ಅಳತೆಯ ಹೊಸ ಮಾಲು ಹಾಕಿಸಿ. ಇದೆಲ್ಲ ಕೆಳಗಿನದು ಇನ್ನೂ ಹಸಿಯಾಗಿರುವಾಗಲೇ ಆಗಬೇಕು.

ಮುಗಿದ ಮೇಲೆ ಬಂದ ಮಳೆಯಿಂದ ಪೆಟ್ಟಾಗಿದೆಯಾ ಅಂತ ನೋಡಲು ಹೆಬ್ಬೆರಳು ಸಾಕು. ಮಳೆ ಶುರುವಾಗುವ ಹೊತ್ತಿಗೆ ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾಗಿದ್ದರೆ ಚಿಂತೆ ಇಲ್ಲ, ಆ ಮಳೆ ಕ್ಯೂರಿಂಗಿಗೇ ಸೇರಿತು. ಆದರೂ ಮಳೆ ನಿಂತ ದಿನ ನೀರು ಕಟ್ಟುವುದನ್ನು ಬಿಡಬೇಡಿ, ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ಬೇಕು. ಗುರುತು ಬೀಳುವ ಹಂತದಲ್ಲೇ ಜೋರು ಮಳೆ ಹೊಡೆದಿದ್ದರೆ ಎರಡು ದಿನ ಬಿಟ್ಟು ಒಂದು ಮೊಳೆಯಿಂದ ಕೆರೆದು ನೋಡಿ. ಬಿಳಿ ಗೀರು ಮಾತ್ರ ಬಿದ್ದರೆ ಸರಿ. ಮರಳು ಪುಡಿಯಾಗಿ ಉದುರುತ್ತಾ ಜಲ್ಲಿ ಕಾಣಿಸಿಕೊಂಡರೆ ಅದರ ಮೇಲೆ ಗಾರೆ ಬಳಿದು ಮುಚ್ಚಲು ಬಿಡಬೇಡಿ. ಎಂಜಿನಿಯರ್‌ನ ಕರೆಸಿ, 28 ದಿನವಾದ ಮೇಲೆ ರಿಬೌಂಡ್ ಹ್ಯಾಮರ್ ಅನ್ನುವ ಸಾಧನದಿಂದ ಗಟ್ಟಿತನ ಪರೀಕ್ಷೆ ಮಾಡಿಸಿ. ಅಲ್ಲಿಯ ತನಕ ಆ ಭಾಗದ ಕೆಳಗಿನ ಜಾಕುಗಳನ್ನು ತೆಗೆಸಬೇಡಿ.